ಡ್ರಿಪ್‌ಗೆ ಆ್ಯಸಿಡ್ ಎಷ್ಟು? ಬಕೆಟ್ ನೀರನ್ನೇ ಕೇಳಿ

ಗುಬ್ಬಿ, ಕುಣಿಗಲ್ ಕಡೆಯ ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿ ಬೇಸಿಗೆ ಬಂತೆಂದರೆ ಒಂದೇ ದೂರು: ಸಾಲಿನ ಮೊದಲ ಗಿಡಗಳಿಗೆ ನೀರು ಬೀಳುತ್ತದೆ, ಕೊನೆಯವಕ್ಕೆ ಇಲ್ಲ. ಡ್ರಿಪ್ಪರ್ ಬಿಚ್ಚಿದರೆ ಬಾಯಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಆ್ಯಸಿಡ್ ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಬಿಡಬೇಕೆಂಬ ಲೆಕ್ಕ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಬೇರೆಯಾಗುತ್ತದೆ. ಬೇರೆಯಾಗಲೇಬೇಕು, ಏಕೆಂದರೆ ಪ್ರತಿ ಬೋರಿನ ನೀರೂ ಬೇರೆ.

ಮೊದಲು ಆ ಬಿಳಿ ಹರಳನ್ನು ಕೆರೆದು ತಟ್ಟೆಗೆ ಹಾಕಿ, ಒಂದು ಹನಿ ಆ್ಯಸಿಡ್ ಬಿಡಿ. ಬುಸ್ಸೆಂದು ನೊರೆ ಉಕ್ಕಿದರೆ ಅದು ಸುಣ್ಣ, ಆ್ಯಸಿಡ್ಡಿಗೆ ಕರಗುತ್ತದೆ. ನೊರೆ ಬರದಿದ್ದರೆ ಕಟ್ಟಿರುವುದು ಹೂಳೋ ಪಾಚಿಯೋ ಇರಬಹುದು. ಅದಕ್ಕೆ ಈ ಚಿಕಿತ್ಸೆ ಅಲ್ಲ.

ಈಗ ಪಿಎಚ್ ವಿಷಯ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಈ ಅಳತೆ ತಂದರು. ಒಂದು ಲೀಟರಿನಲ್ಲಿರುವ ಹೈಡ್ರೋಜನ್ ಅಯಾನುಗಳ ಪ್ರಮಾಣವನ್ನು 10ರ ಘಾತವಾಗಿ ಬರೆದು, ಆ ಘಾತದ ಚಿಹ್ನೆ ಬದಲಿಸಿದರೆ ಪಿಎಚ್.

pH = −log₁₀[H⁺]

0.01 ಎಂದರೆ 10ರ ಘಾತ −2, ಹಾಗಾಗಿ ಪಿಎಚ್ 2. ಪಿಎಚ್ ಒಂದು ಏರಿದರೆ ಆಮ್ಲ ಹತ್ತರಲ್ಲೊಂದು ಪಾಲಿಗೆ ಇಳಿದಿದೆ ಎಂದರ್ಥ. ಶುದ್ಧ ನೀರು ಬೆರೆಸುವುದಾದರೆ ಲೆಕ್ಕ ಸಲೀಸು: ಹತ್ತು ಪಟ್ಟು ತೆಳುವಾದರೆ 2 ಇದ್ದದ್ದು 3, ಇನ್ನೂ ಹತ್ತು ಪಟ್ಟಿಗೆ 4. ಎರಡು ಪಟ್ಟು ತೆಳುವಾದರೆ ಏರುವುದು 0.3 ಮಾತ್ರ. ಎಷ್ಟೇ ನೀರು ಸುರಿದರೂ 7 ದಾಟುವುದಿಲ್ಲ, ಅಲ್ಲಿ ನೀರಿನದೇ ಅಯಾನುಗಳು ಉಳಿದಿರುತ್ತವೆ.

ಬೋರ್ ನೀರಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅದರಲ್ಲಿ ಕರಗಿರುವ ಬೈಕಾರ್ಬನೇಟ್ ಮೊದಲು ಆ್ಯಸಿಡ್ಡನ್ನು ನುಂಗಿ ಗಾಳಿಯಾಗಿ ಬಿಡುತ್ತದೆ. ಅದಕ್ಕೇ ಬಕೆಟ್ ಪರೀಕ್ಷೆ ಬೇಕು.

ಕೈಗವಸು, ಕನ್ನಡಕ ಹಾಕಿಕೊಂಡು, 900 ಮಿ.ಲೀ. ನೀರಿರುವ ಪ್ಲಾಸ್ಟಿಕ್ ಪಾತ್ರೆಗೆ 100 ಮಿ.ಲೀ. ವಾಣಿಜ್ಯ ಹೈಡ್ರೋಕ್ಲೋರಿಕ್ ಆ್ಯಸಿಡ್ ನಿಧಾನವಾಗಿ ಸುರಿಯಿರಿ. ನೀರಿಗೆ ಆ್ಯಸಿಡ್, ಆ್ಯಸಿಡ್ಡಿಗೆ ನೀರು ಎಂದೂ ಬೇಡ. ಬ್ಲೀಚಿಂಗ್ ಪುಡಿ ಮುಟ್ಟಿದ ಪಾತ್ರೆಯೂ ಬೇಡ, ಕ್ಲೋರಿನ್ ಗಾಳಿ ಏಳುತ್ತದೆ. ಪಿಎಚ್ ಮೀಟರನ್ನು 4 ಮತ್ತು 7ರ ದ್ರಾವಣಗಳಲ್ಲಿ ಸರಿಹೊಂದಿಸಿಕೊಳ್ಳಿ. 10 ಲೀಟರ್ ಬೋರ್ ನೀರಿನ ಬಕೆಟ್ಟಿಗೆ ತೆಳು ಆ್ಯಸಿಡ್ಡನ್ನು ಸಿರಿಂಜಿನಿಂದ ಹಾಕುತ್ತಾ, ಕಲಕುತ್ತಾ ಅಂಕಿ ಬರೆದುಕೊಳ್ಳಿ.

ಲೀಟರಿಗೆ 366 ಮಿಲಿಗ್ರಾಂ ಬೈಕಾರ್ಬನೇಟ್ ಇರುವ ನೀರು ಎಂದಿಟ್ಟುಕೊಳ್ಳೋಣ. ಆರಂಭದಲ್ಲಿ ಪಿಎಚ್ 7.5. 27 ಮಿ.ಲೀ. ಹಾಕಿದರೂ ಮೀಟರ್ 6.3ರ ಆಸುಪಾಸಿನಲ್ಲೇ ಕೂತಿರುತ್ತದೆ. 50 ಮಿ.ಲೀ. ಆದಾಗ 5.3. ಆಮೇಲೆ ಜಾರುತ್ತದೆ: 56 ಮಿ.ಲೀ.ಗೆ 4. ಅಂದರೆ 10 ಲೀಟರಿಗೆ 5.6 ಮಿ.ಲೀ. ಗಟ್ಟಿ ಆ್ಯಸಿಡ್. ಇದರಲ್ಲಿ ಪಿಎಚ್ 4ಕ್ಕೆ ನಿಜವಾಗಿ ಬೇಕಾದದ್ದು 0.1 ಮಿ.ಲೀ.; ಉಳಿದದ್ದೆಲ್ಲ ಬೈಕಾರ್ಬನೇಟಿನ ಪಾಲು.

ಈಗ ತೋಟದ ಲೆಕ್ಕ. 300 ಗಿಡ, ಗಿಡಕ್ಕೆ ಗಂಟೆಗೆ 8 ಲೀಟರ್; ಅರ್ಧ ಗಂಟೆಗೆ 1,200 ಲೀಟರ್. ಆ್ಯಸಿಡ್ ಸುಮಾರು 670 ಮಿ.ಲೀ. ಅದನ್ನು 20 ಲೀಟರ್ ನೀರಿಗೆ ಬೆರೆಸಿ, ವೆಂಚುರಿ ಅರ್ಧ ಗಂಟೆಯಲ್ಲಿ ಹೀರುವಂತೆ ವಾಲ್ವ್ ಹೊಂದಿಸಿ. ಆ ಬಕೆಟ್ಟಿನ ಪಿಎಚ್ ಒಂದಕ್ಕಿಂತ ಕಡಿಮೆ, ಸುಮಾರು 0.5. ಅದು ಪೈಪಿನಲ್ಲಿ 60 ಪಟ್ಟು ತೆಳುವಾಗುತ್ತದೆ; ಲಘುಗಣಕದ ಲೆಕ್ಕದಲ್ಲಿ 1.8 ಕೂಡಿ 2.3 ಬರಬೇಕು. ಇದೇ ಲೆಕ್ಕ ಹಿಡಿದು ಜಾಸ್ತಿಯಾಯಿತೆಂದು ಹೆದರಿ ಆ್ಯಸಿಡ್ ಅರ್ಧಕ್ಕಿಳಿಸಿದರೆ ಕೊನೆಯಲ್ಲಿ ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ, ಉಪ್ಪು ಹಾಗೇ ಉಳಿಯುತ್ತದೆ.

ಹಾಗಾಗಿ ಮೀಟರ್ ಹಿಡಿಯಬೇಕಾದ ಜಾಗ ಕಡೆಯ ಲ್ಯಾಟರಲ್ಲಿನ ಕೊನೆಯ ಡ್ರಿಪ್ಪರ್. ಅಲ್ಲಿ 4 ಕಂಡ ಮೇಲೆ ಬಕೆಟ್ ಖಾಲಿಯಾಗುವ ತನಕ ಓಡಿಸಿ, ಪಂಪ್ ನಿಲ್ಲಿಸಿ ಒಂದು ಗಂಟೆ ಬಿಡಿ. ನಂತರ ಪ್ರತಿ ಸಾಲಿನ ತುದಿ ಬಿಚ್ಚಿ, ಬಿಳಿ ಕೆಸರು ನಿಂತು ತಿಳಿನೀರು ಬರುವ ತನಕ ಹರಿಸಿ. ಕಬ್ಬಿಣದ ಅಥವಾ ಹಿತ್ತಾಳೆಯ ಜೋಡಣೆಗಳಿರುವ ಕಡೆ ಆ್ಯಸಿಡ್ ಬಿಡಬೇಡಿ, ಕೊರೆದುಹಾಕುತ್ತದೆ.

ಬೋರ್ ಬಿಟ್ಟು ಹೇಮಾವತಿ ನಾಲೆಯಿಂದ ತುಂಬಿದ ಕೆರೆ ನೀರಿಗೆ ಬದಲಾದರೆ ಹಳೆಯ ಅಂಕಿ ಬಿಡಿ. ಅದರಲ್ಲಿ ಬೈಕಾರ್ಬನೇಟ್ ಸಾಮಾನ್ಯವಾಗಿ ಕಡಿಮೆ. ಅದೇ 670 ಮಿ.ಲೀ. ಹಾಕಿದರೆ ಈ ಸಲ ಮೀಟರ್ ನಿಜಕ್ಕೂ 2ರ ಕಡೆಗೆ ಇಳಿಯಬಹುದು. ಬಕೆಟ್ಟಿನಿಂದಲೇ ಮತ್ತೆ ಶುರು ಮಾಡಿ.