ರಾತ್ರಿಯಾದರೆ ‘ಒಂದು ವಾಹನ’ ಅಷ್ಟೇ ಏಕೆ?

ಹಗಲಲ್ಲಿ ಭದ್ರಾವತಿ ಬಸ್ಸಿನ ಬೋರ್ಡನ್ನೇ ಓದಿ ಹೇಳುವ ನಿಮ್ಮ ಆ್ಯಪ್, ರಾತ್ರಿ ಶಿವಮೊಗ್ಗ ನಿಲ್ದಾಣದಲ್ಲಿ ‘ಒಂದು ವಾಹನ’ ಎಂದು ಸುಮ್ಮನಾಗುವುದಕ್ಕೆ ನಿಮ್ಮ ದೃಷ್ಟಿದೋಷ ಕಾರಣವಲ್ಲ, ಕ್ಯಾಮೆರಾಗೆ ಬೆಳಕು ಸಾಲದು. ಆಗ ಫೋನ್ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹೀರುತ್ತದೆ. ಅಷ್ಟರಲ್ಲಿ ಕೈ ಅಲುಗಿದರೂ ಬಸ್ ಕದಲಿದರೂ ಅಕ್ಷರ ಕಲಸಿಹೋಗುತ್ತದೆ. ಸಿಕ್ಕ ಬೆಳಕನ್ನು ಹಿಗ್ಗಿಸುವಾಗ ಚಿತ್ರದ ತುಂಬ ರವೆಯಂಥ ಚುಕ್ಕೆಗಳೇಳುತ್ತವೆ. ಅವನ್ನು ಒರೆಸುವ ಸಾಫ್ಟ್‌ವೇರ್ ‘ಭ’ದ ಕೆಳಗಿನ ಸಣ್ಣ ಗೀಟನ್ನೂ ಒರೆಸಿಬಿಡಬಹುದು. ಕೊನೆಗೆ ಉಳಿಯುವುದು ಆಕಾರ ಮಾತ್ರ, ಆ್ಯಪ್ ಅದನ್ನಷ್ಟೇ ಹೇಳುತ್ತದೆ. ಊಹಿಸಿ ‘ತೀರ್ಥಹಳ್ಳಿ’ ಎನ್ನುವುದಕ್ಕಿಂತ ಅದೇ ವಾಸಿ!

ಫ್ಲ್ಯಾಷ್ ಬೆಳಕು ದೂರ ಮುಟ್ಟದು. ಬಸ್ ನಿಂತ ಮೇಲೆ, ಫೋನನ್ನು ಕಂಬಕ್ಕೆ ಒತ್ತಿ ಹಿಡಿದು ಫೋಟೊ ತೆಗೆಯಿರಿ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿಬಿಡಿ.