ಹಂತವನ್ನರಿತು ರಿಟ್ ಬೇಡುವುದು

ಸಂವಿಧಾನದ 226ನೆಯ ಅನುಚ್ಛೇದದಂತೆ ಹೈಕೋರ್ಟಿಗೆ ಹೋಗುವಾಗ ಯಾವ ರಿಟ್ ಬೇಡಬೇಕೆಂಬುದು ಆದ ಅನ್ಯಾಯ ಎಷ್ಟು ದೊಡ್ಡದೆಂಬುದರಿಂದಲ್ಲ, ಪ್ರಕರಣ ಯಾವ ಹಂತದಲ್ಲಿದೆ ಎಂಬುದರಿಂದ ನಿರ್ಧಾರವಾಗುತ್ತದೆ; ಇದನ್ನು ವಕೀಲರು ಸಾಮಾನ್ಯವಾಗಿ ಒಂದೆರಡು ಬಾರಿ ಎಡವಿದ ಮೇಲೆಯೇ ಮನಗಾಣುತ್ತಾರೆ.

ನ್ಯಾಯಬೆಲೆ ಅಂಗಡಿಯೊಂದರ ಕಲ್ಪಿತ ಪ್ರಕರಣವನ್ನು ನೋಡಬಹುದು. ಪರವಾನಗಿ ರದ್ದುಪಡಿಸುವ ಅಧಿಕಾರವೇ ಇಲ್ಲದ ಅಧಿಕಾರಿಯೊಬ್ಬರು ಅಂಗಡಿಯವನಿಗೆ ಕಾರಣ ಕೇಳಿ ನೋಟಿಸ್ ಕೊಟ್ಟು, 17ನೆಯ ತಾರೀಖಿಗೆ ವಿಚಾರಣೆ ಇಟ್ಟಿದ್ದಾರೆ. ಬರಿಯ ನೋಟಿಸಿನ ಹಂತದಲ್ಲಿ ಹೈಕೋರ್ಟು ಸಾಮಾನ್ಯವಾಗಿ ಕೈಹಾಕುವುದಿಲ್ಲವಾದರೂ, ಅಧಿಕಾರವ್ಯಾಪ್ತಿಯೇ ಇಲ್ಲವೆಂದು ತೋರಿಸಿದರೆ ವಿಚಾರಣೆಯನ್ನು ಅಲ್ಲಿಗೇ ತಡೆಯುವ ಪ್ರೊಹಿಬಿಷನ್, ಅಂದರೆ ಪ್ರತಿಷೇಧದ ರಿಟ್, ದೊರೆಯಬಹುದು. ಆದರೆ ರದ್ದತಿಯ ಆದೇಶಕ್ಕೆ 15ರಂದೇ ಸಹಿ ಬಿದ್ದು, ಅದನ್ನರಿಯದೆ 18ರಂದು ಪ್ರತಿಷೇಧವನ್ನಷ್ಟೇ ಬೇಡಿದ್ದರೆ, ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆಗ ಬೇಕಾದದ್ದು ಆದ ಆದೇಶವನ್ನು ರದ್ದುಗೊಳಿಸುವ ಸರ್ಷಿಯೊರರಿ. ಈ ಎರಡರ ನಡುವಿನ ಕಾಲದ ಗೆರೆಯನ್ನು ಸುಪ್ರೀಂ ಕೋರ್ಟು 1954ರಲ್ಲಿ ಹರಿ ವಿಷ್ಣು ಕಾಮತ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಅನುಭವಿಗಳು ಅರ್ಜಿ ಬರೆಯುವ ಮುನ್ನ ಕಚೇರಿಯ ಕಡತದಲ್ಲಿ ಕೊನೆಯ ಟಿಪ್ಪಣಿಯ ತಾರೀಖನ್ನು ವಿಚಾರಿಸಿ, ಸಂಶಯವಿದ್ದರೆ ಎರಡೂ ಪರಿಹಾರಗಳನ್ನು ಪರ್ಯಾಯವಾಗಿ ಬೇಡುತ್ತಾರೆ.

ಆದೇಶ ರದ್ದಾದ ಮಾತ್ರಕ್ಕೆ ಅಂಗಡಿಗೆ ಅಕ್ಕಿ ಬರುವುದಿಲ್ಲ ಎಂಬುದು ಎರಡನೆಯ ಪಾಠ. ಅಧಿಕಾರಿ ಸುಮ್ಮನೆ ಕುಳಿತರೆ, ಕಾನೂನು ಹೊರಿಸಿದ ಕರ್ತವ್ಯವನ್ನು ಮಾಡೆಂದು ಆಜ್ಞಾಪಿಸುವ ಮ್ಯಾಂಡಮಸ್ ಬೇಕಾಗುತ್ತದೆ. ಅದಕ್ಕೆ ಮೊದಲು ಲಿಖಿತ ಮನವಿ ಕೊಟ್ಟಿದ್ದು, ಅದು ತಿರಸ್ಕೃತವಾಗಿದೆ ಅಥವಾ ಉತ್ತರವಿಲ್ಲದೆ ಉಳಿದಿದೆ ಎಂದು ತೋರಿಸುವುದು ಸಾಮಾನ್ಯ ನಿಯಮವಾದ್ದರಿಂದ, ಸ್ವೀಕೃತಿಯ ಮೊಹರಿರುವ ಪ್ರತಿಯನ್ನು ಅರ್ಜಿಗೆ ಲಗತ್ತಿಸಬೇಕು. ವಿಷಯ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾದರೆ, ‘ಪರವಾನಗಿ ಕೊಡಿ’ ಎಂಬ ಆಜ್ಞೆ ಸಾಮಾನ್ಯವಾಗಿ ಸಿಗದೆ, ‘ಇಂತಿಷ್ಟು ವಾರಗಳಲ್ಲಿ ಕಾನೂನಿನಂತೆ ಪರಿಶೀಲಿಸಿ ತೀರ್ಮಾನಿಸಿ’ ಎಂಬ ಆಜ್ಞೆ ಸಿಗುತ್ತದೆ.

ಅದೇ ಅಂಗಡಿಯವನನ್ನು ಪೊಲೀಸರು ಕರೆದೊಯ್ದು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ, ಕಾಗದಪತ್ರಗಳ ಪ್ರಶ್ನೆ ಹಿಂದೆ ಸರಿದು ದೇಹದ ಬಿಡುಗಡೆಯ ಪ್ರಶ್ನೆ ಮುಂದೆ ಬರುತ್ತದೆ. ಬಂಧನಕ್ಕೆ ಕಾನೂನಿನ ಆಧಾರವೇನೆಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಅವನ ಪರವಾಗಿ ಹೆಂಡತಿ ಅಥವಾ ಗೆಳೆಯನೂ ಹಾಕಬಹುದು. ಆದರೆ ಮ್ಯಾಜಿಸ್ಟ್ರೇಟರು ಅಧಿಕಾರವ್ಯಾಪ್ತಿಯೊಳಗೆ ಮನಸ್ಸಿಟ್ಟು ಪರಿಶೀಲಿಸಿ ರಿಮಾಂಡ್ ಆದೇಶ ಮಾಡಿದ ಮೇಲೆ ಈ ದಾರಿ ಬಹುಮಟ್ಟಿಗೆ ಮುಚ್ಚಿ, ಜಾಮೀನಿನ ದಾರಿಯೇ ಉಳಿಯುತ್ತದೆ. ಇಲ್ಲಿಯೂ ರಿಟ್ ಯಾವುದೆಂದು ಹೇಳುವುದು ಕಡತದಲ್ಲಿ ಕೊನೆಗೆ ಬಿದ್ದ ಸಹಿಯೇ.