ಅಮ್ಮಿಯ ಡಬ್ಬಿಯ ಹಣ ಮತ್ತು ಫಿಶರ್ ಸಮೀಕರಣ

ಅರ್ಥಶಾಸ್ತ್ರದ ತರಗತಿಯಲ್ಲಿ ಫಿಶರ್ ಸಮೀಕರಣ ಬಂದಾಗ, ಇದು ನಮ್ಮ ಮನೆಗೆ ಸಂಬಂಧವಿಲ್ಲದ ಪಾಠ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಬಡ್ಡಿ ತೆಗೆದುಕೊಳ್ಳುವುದಿಲ್ಲ. ಆಪಾಳ ಮದುವೆಗೆಂದು ಅಮ್ಮಿ ಕೂಡಿಸಿಟ್ಟ 20,000 ರೂಪಾಯಿ ಮುದನಾಳದ ಮನೆಯ ತಗಡಿನ ಡಬ್ಬಿಯಲ್ಲೇ ಇದೆ. ನಮ್ಮ ಉಪನ್ಯಾಸಕರು, "ಬಡ್ಡಿ ಇಲ್ಲದಿದ್ದರೆ i ಜಾಗದಲ್ಲಿ ಸೊನ್ನೆ ಹಾಕಿ ನೋಡು" ಎಂದರು. ಹಾಕಿ ನೋಡಿದ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಅವರ ಹೆಸರಿನ ಈ ಸಮೀಕರಣದಲ್ಲಿ ಮೂರು ದರಗಳಿವೆ. ಬ್ಯಾಂಕಿನ ಬೋರ್ಡಿನ ಮೇಲೆ ಬರೆದಿರುವುದು ನಾಮಮಾತ್ರ ಬಡ್ಡಿದರ, i. ಮುಂದಿನ ಅವಧಿಯಲ್ಲಿ ಬೆಲೆಗಳು ಎಷ್ಟು ಏರಬಹುದು ಎಂಬ ಅಂದಾಜು ನಿರೀಕ್ಷಿತ ಹಣದುಬ್ಬರ, π. ಕೊಳ್ಳುವ ಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಹೇಳುವುದು ನೈಜ ಬಡ್ಡಿದರ, r.

(1 + i) = (1 + r)(1 + π)

ಇದರ ಸುಲಭ ರೂಪ r ≈ i − π. ದರಗಳು ಚಿಕ್ಕದಾಗಿದ್ದಾಗ ಇದು ಸಾಕಾಗುತ್ತದೆ. ಆದರೆ ಪ್ರಶ್ನೆಯಲ್ಲಿ "ನಿಖರವಾಗಿ" ಎಂದಿದ್ದರೆ ಕಳೆಯಬಾರದು, ಭಾಗಿಸಬೇಕು.

ಪ್ರಶ್ನೆ 1: ಒಬ್ಬರು 20,000 ರೂಪಾಯಿಯನ್ನು ಶೇ. 8ರ ದರದಲ್ಲಿ ಒಂದು ವರ್ಷ ಠೇವಣಿ ಇಡುತ್ತಾರೆ. ನಿರೀಕ್ಷಿತ ಹಣದುಬ್ಬರ ಶೇ. 5. ನೈಜ ಬಡ್ಡಿದರ ಎಷ್ಟು?

ಸುಲಭ ರೂಪದಲ್ಲಿ 8 − 5 = ಶೇ. 3. ನಿಖರವಾಗಿ 1.08 ÷ 1.05 = 1.0286, ಅಂದರೆ ಶೇ. 2.86.

ಈ ವ್ಯತ್ಯಾಸ ಎಲ್ಲಿಂದ ಬಂತು? ತೊಗರಿಬೇಳೆಯಲ್ಲಿ ಲೆಕ್ಕ ಹಾಕೋಣ. ಲೆಕ್ಕ ಸುಲಭವಾಗಲೆಂದು ಬೇಳೆ ಕಿಲೋಗೆ 100 ರೂಪಾಯಿ ಎಂದೂ, ಅದರ ಬೆಲೆ ಹಣದುಬ್ಬರದಷ್ಟೇ ಏರುತ್ತದೆ ಎಂದೂ ಇಟ್ಟುಕೊಳ್ಳಿ. ಇವತ್ತು 20,000ಕ್ಕೆ 200 ಕಿಲೋ ಬರುತ್ತದೆ. ವರ್ಷದ ನಂತರ ಕೈಗೆ ಬರುವುದು 21,600 ರೂಪಾಯಿ, ಬೇಳೆಯ ಬೆಲೆ 105. ಆಗ ಸಿಗುವುದು 205.71 ಕಿಲೋ. ಬಂದ ಬಡ್ಡಿಯನ್ನೂ ಏರಿದ ಬೆಲೆಯಲ್ಲೇ ಖರ್ಚು ಮಾಡಬೇಕಾಗುತ್ತದೆ. ಅದಕ್ಕೇ ಪೂರ್ತಿ ಶೇ. 3 ಸಿಗುವುದಿಲ್ಲ.

ಪ್ರಶ್ನೆ 2: ಅದೇ ಹಣ ಡಬ್ಬಿಯಲ್ಲಿದ್ದರೆ?

ಈಗ i = 0. 1 ÷ 1.05 = 0.9524, ಅಂದರೆ r = ಶೇ. −4.76. ನೋಟುಗಳು ಅಷ್ಟೇ ಇರುತ್ತವೆ, ಆದರೆ ಬೇಳೆ 200 ಕಿಲೋದಿಂದ 190.48 ಕಿಲೋಗೆ ಇಳಿಯುತ್ತದೆ.

ಪ್ರಶ್ನೆ 3: ಮೊದಲನೇ ಪ್ರಶ್ನೆಯ ಠೇವಣಿದಾರರ ಅಂದಾಜು ತಪ್ಪಿ ಹಣದುಬ್ಬರ ಶೇ. 9 ಆದರೆ?

1.08 ÷ 1.09 = 0.9908, ಅಂದರೆ r = ಶೇ. −0.92. ಠೇವಣಿ ಇಡುವಾಗ ಶೇ. 2.86 ಸಿಗುತ್ತದೆಂದು ನಂಬಿದ್ದರು, ಸಿಕ್ಕಿದ್ದು ನಷ್ಟ. ಇಂಥ ಸಂದರ್ಭದಲ್ಲಿ ಸಾಲ ಪಡೆದವರಿಗೆ ಲಾಭ, ಹಣ ಕೊಟ್ಟವರಿಗೆ ನಷ್ಟ. ಹಣದುಬ್ಬರ ಅಂದಾಜಿಗಿಂತ ಕಡಿಮೆಯಾದರೆ ಇದು ತಿರುಗುಮುರುಗಾಗುತ್ತದೆ.

ಕಿರುಪರೀಕ್ಷೆಯಲ್ಲಿ ನಾನು ಅಂಕ ಕಳೆದುಕೊಂಡದ್ದು ಇದಕ್ಕೆ ಹತ್ತಿರದ ತಪ್ಪಿನಿಂದ. ಪ್ರಶ್ನೆಯಲ್ಲಿ ಕಳೆದ ವರ್ಷದ ಹಣದುಬ್ಬರವನ್ನೂ ಮುಂದಿನ ವರ್ಷದ ನಿರೀಕ್ಷೆಯನ್ನೂ ಕೊಟ್ಟಿದ್ದರು. ನಾನು ಕಳೆದ ವರ್ಷದ್ದನ್ನು ತೆಗೆದುಕೊಂಡೆ. ಅದು ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಠೇವಣಿಗೆ ಶೇ. 4.9 ಬಡ್ಡಿ ಇತ್ತು. ಆ ತಿಂಗಳ ಚಿಲ್ಲರೆ ಹಣದುಬ್ಬರ ಸುಮಾರು ಶೇ. 7.3. ಕಳೆದರೆ ಸುಮಾರು ಶೇ. −2.4. ಆದರೆ ಆ 7.3 ಹಿಂದಿನ ಹನ್ನೆರಡು ತಿಂಗಳಲ್ಲಿ ಆಗಿಹೋದ ಏರಿಕೆ. ಠೇವಣಿ ಇದ್ದದ್ದು ಮುಂದಿನ ಹನ್ನೆರಡು ತಿಂಗಳು. 2021ರ ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಶೇ. 4.35ಕ್ಕೆ ಇಳಿದಿತ್ತು. ಹಾಗಾಗಿ ಆ ಠೇವಣಿದಾರರಿಗೆ ನಿಜವಾಗಿ ಸಿಕ್ಕಿದ್ದು ಸುಮಾರು ಶೇ. 0.5. ಸ್ವಲ್ಪವೇ ಆದರೂ ಲಾಭವೇ. ಆದ್ದರಿಂದ ಲೆಕ್ಕ ಬಿಡಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ: i ಮತ್ತು π ಎರಡೂ ಒಂದೇ ಅವಧಿಯವಾ?

ಇನ್ನೊಂದು ಮಿತಿಯೂ ಇದೆ. ಹಣದುಬ್ಬರ ಎಂದರೆ ಅನೇಕ ವಸ್ತುಗಳ ಸರಾಸರಿ. ಅಮ್ಮಿ ಕೊಳ್ಳಬೇಕಾದ ಪಾತ್ರೆ, ಬಟ್ಟೆಗಳ ಬೆಲೆ ಆ ಸರಾಸರಿಗಿಂತ ಹೆಚ್ಚೂ ಏರಬಹುದು, ಕಡಿಮೆಯೂ ಏರಬಹುದು.

ಅಮ್ಮಿಗೆ ಬೇಳೆಯ ಲೆಕ್ಕ ಹೇಳಿದೆ. "ಬಡ್ಡಿ ನಮಗೆ ಬೇಡ" ಎಂದು ಮೊದಲೇ ಹೇಳಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರೆ ಪಾತ್ರೆ ಹೆಂಗೂ ತಗೋಬೇಕಲ್ಲ, ಈಗಲೇ ತಗೊಂಡ್ರೆ?" ಎಂದರು. ಮುಂದಿನ ವರ್ಷ ಹೇಗೂ ಕೊಳ್ಳಲೇಬೇಕಾದ ವಸ್ತುವನ್ನು ಇಂದಿನ ಬೆಲೆಗೇ ಕೊಂಡರೆ, ಅಷ್ಟು ಹಣಕ್ಕೆ ಬೆಲೆ ಏರಿಕೆಯ ಪೆಟ್ಟು ತಟ್ಟುವುದಿಲ್ಲ. ಉಳಿದ ಹಣ ಡಬ್ಬಿಯಲ್ಲೇ ಇದೆ. ಅದರ ನೈಜ ದರದ ಮುಂದೆ ಋಣ ಚಿಹ್ನೆ ಇರುತ್ತದೆ ಎಂಬುದು ಈಗ ನಮ್ಮಿಬ್ಬರಿಗೂ ಗೊತ್ತು.